ಉಕ್ತಲೇಖನದ ಏಳು ಕೆಂಪು ಗೆರೆಗಳು

ಉಕ್ತಲೇಖನದಲ್ಲಿ ಎಷ್ಟು ತಪ್ಪಾಗಿದೆ ಎಂದು ಎಣಿಸುವುದು ಸುಲಭ. ಆ ತಪ್ಪುಗಳು ಎಷ್ಟು ಬಗೆಯವು ಎಂದು ನೋಡುವುದಕ್ಕೆ ಮಾತ್ರ ಸ್ವಲ್ಪ ತಾಳ್ಮೆ ಬೇಕು. ಈಗಂತೂ ಮಗು ಬರೆದ ಪುಟದ ಫೋಟೊ ತೆಗೆದು ಅತ್ತೆಗೋ ಮಾವನಿಗೋ ಪರಿಚಯದ ಮೇಷ್ಟ್ರಿಗೋ ಕಳಿಸಿ, ತಪ್ಪು ಗುರುತಿಸಿ ಕೊಡಿ ಎನ್ನುವ ಪಾಲಕರಿದ್ದಾರೆ. ಸೊರಬದ ಕಡೆಯ ತಂದೆಯೊಬ್ಬರು ನಾಲ್ಕನೆಯ ತರಗತಿಯ ಮಗಳ ಪುಟವೊಂದನ್ನು ಹಾಗೆ ನನಗೆ ಕಳಿಸಿದ್ದರು. ಏಳು ಪದಗಳ ಕೆಳಗೆ ತಾವೇ ಕೆಂಪು ಗೆರೆ ಎಳೆದಿದ್ದರು.

ಅವರು ಹೇಳಿ ಬರೆಸಿದ್ದು ಇದು: ‘ಶಿಕಾರಿಪುರದ ಬಳಿ ತಾಳಗುಂದ ಇದೆ. ಅಲ್ಲಿ ಕಲ್ಲಿನ ಕಂಬದ ಮೇಲೆ ಶಾಸನವಿದೆ. ವರದಾ ನದಿ ಸೊರಬ ತಾಲ್ಲೂಕಿನಲ್ಲಿ ಹರಿಯುತ್ತದೆ. ಗುಡವಿಗೆ ಪಕ್ಷಿಗಳು ಬರುತ್ತವೆ. ಭತ್ತದ ಗದ್ದೆಯಲ್ಲಿ ನೀರು ನಿಂತಿದೆ.’ ಒಟ್ಟು ಇಪ್ಪತ್ತೊಂದು ಪದ. ಗೆರೆ ಬಿದ್ದವು ಸಾಸನವಿದೆ, ತಾಲೂಕಿನಲ್ಲಿ, ಹರಿಯುತದೆ, ಬರುತವೆ, ಬತದ, ಗದೆಯಲ್ಲಿ ಮತ್ತು ನಿರು.

ಮೊದಲು ಕೈಬಿಡಬೇಕಾದ್ದನ್ನು ಕೈಬಿಡೋಣ. ತಾಲೂಕು, ತಾಲ್ಲೂಕು ಎರಡೂ ಬಳಕೆಯಲ್ಲಿವೆ. ಆ ಗೆರೆಯನ್ನು ಅಳಿಸಬೇಕು. ‘ಬತದ’ದಲ್ಲಿ ಮಹಾಪ್ರಾಣ ಬಿಟ್ಟದ್ದಕ್ಕೂ ಗೆರೆ ಬೇಡ. ಬತ್ತ ಎಂಬ ರೂಪವೂ ಕನ್ನಡದಲ್ಲಿ ಉಂಟು. ತಪ್ಪಿರುವುದು ತಕಾರದ ಒತ್ತು ಮಾತ್ರ.

‘ನಿರು’ ನನಗೆ ಅನುಮಾನ ತಂದಿತು. ನೀ ಅಕ್ಷರದ ದೀರ್ಘ ಬಲಗಡೆ ಬೇರೆಯಾಗಿ ನಿಲ್ಲುವ ಸಣ್ಣ ಗುರುತು. ಪೆನ್ಸಿಲು ಮೆತ್ತಗೆ ತಾಗಿದ್ದರೆ, ದೀಪದ ಬೆಳಕಿನಲ್ಲಿ ಫೋನಿನ ನೆರಳು ಪುಟದ ಮೇಲೆ ಬಿದ್ದಿದ್ದರೆ, ಅದು ಚಿತ್ರದಲ್ಲಿ ಮಾಯವಾಗುತ್ತದೆ. ದ ಮತ್ತು ಧ ಅಕ್ಷರಗಳನ್ನು ಬೇರ್ಪಡಿಸುವ ಕೆಳಗಿನ ಸೀಳೂ ಹಾಗೆಯೇ ಪುಸ್ತಕದ ಗೆರೆಯಲ್ಲಿ ಸೇರಿಹೋಗುತ್ತದೆ. ಇಂಥ ಕಡೆ ಅದೇ ಪುಟದಲ್ಲಿ ಅದೇ ಗುರುತು ಬೇರೆಲ್ಲಿ ಬಂದಿದೆ ಎಂದು ಹುಡುಕಬೇಕು. ‘ಮೇಲೆ’ ಎಂಬಲ್ಲಿ ದೀರ್ಘ ಸ್ಪಷ್ಟವಾಗಿತ್ತು. ಹಗಲಲ್ಲಿ ಕಿಟಕಿಯ ಹತ್ತಿರ, ಪುಸ್ತಕದ ನೇರ ಮೇಲಿನಿಂದ, ಫ್ಲ್ಯಾಷ್ ಹಾಕದೆ ಮತ್ತೆ ಫೋಟೊ ತೆಗೆಯಿರಿ ಎಂದೆ. ಹೊಸ ಚಿತ್ರದಲ್ಲಿ ದೀರ್ಘ ತೆಳ್ಳಗೆ ಕಾಣಿಸಿತು. ಅನುಮಾನವಿದ್ದ ಕಡೆ ಕೆಂಪು ಗೆರೆಯ ಬದಲು ಪ್ರಶ್ನಾರ್ಥಕ ಚಿಹ್ನೆ ಹಾಕುವುದು ಒಳ್ಳೆಯದು. ಗುರುತುಗಳೆಲ್ಲ ಚಿತ್ರದ ನಕಲಿನ ಮೇಲಿರಲಿ, ಮೂಲ ಹಾಗೇ ಉಳಿಯಲಿ.

ಈಗ ಉಳಿದದ್ದು ಐದು. ಅದರಲ್ಲಿ ನಾಲ್ಕು ಒತ್ತಿನದೇ. ಹಾಗೆಂದು ಮಗುವಿಗೆ ಒತ್ತಕ್ಷರ ಬರುವುದಿಲ್ಲ ಎನ್ನುವಂತಿಲ್ಲ; ಅಲ್ಲಿ, ಕಲ್ಲಿನ, ಪಕ್ಷಿ ಸರಿಯಾಗಿವೆ. ತಪ್ಪಿದ್ದು ತ್ತ ಮತ್ತು ದ್ದ ಮಾತ್ರ. ಅದರಲ್ಲೂ ಎರಡು ಕಾರಣಗಳಿವೆ. ನಮ್ಮ ಮಾತಿನಲ್ಲಿ ‘ಹರೀತದೆ’, ‘ಬರ್ತವೆ’ ಎಂದು ಒಂದೇ ತಕಾರ ಕೇಳಿಸುತ್ತದೆ. ಬರೆಸುವವರು ಹಾಗೇ ಹೇಳಿದರೆ ಮಗು ಕೇಳಿದ್ದನ್ನೇ ಬರೆಯುತ್ತದೆ. ಅದಕ್ಕೆ ಗೆರೆ ಹಾಕಬೇಕಾದ್ದು ಹೇಳಿದವರಿಗೆ! ಆದರೆ ಗದ್ದೆಯನ್ನು ಯಾರೂ ಗದೆ ಎನ್ನುವುದಿಲ್ಲ. ಅಲ್ಲಿ ಎಡವಿದ್ದು ಕಿವಿಯಲ್ಲ, ಕೈ. ದ್ದೆ ಬರೆಯುವಾಗ ಮೊದಲು ದೆ ಮುಗಿಸಿ, ಆಮೇಲೆ ಕೆಳಗೆ ಒತ್ತು ಇಡಬೇಕು. ದೆ ಮುಗಿದೊಡನೆ ಅಕ್ಷರವೇ ಮುಗಿಯಿತೆಂದು ಕೈ ಮುಂದೆ ಓಡುತ್ತದೆ. ಯಾವುದು ಕಿವಿಯ ತಪ್ಪು, ಯಾವುದು ಕೈಯದು ಎಂದು ತಿಳಿಯಲು, ಬರೆದದ್ದನ್ನು ಮಗುವಿನಿಂದಲೇ ಗಟ್ಟಿಯಾಗಿ ಓದಿಸಿ. ‘ಗದೆ’ ಎಂದು ಓದಿ ತಾನೇ ನಕ್ಕು ತಿದ್ದಿಕೊಂಡರೆ ಕೈಯದು. ‘ಹರಿಯುತದೆ’ ಎಂದು ಓದಿಯೂ ಸುಮ್ಮನಿದ್ದರೆ ಕಿವಿಯದು.

ಆದ್ದರಿಂದ ಅಭ್ಯಾಸದ ಪಟ್ಟಿಯಲ್ಲಿ ಈ ವಾರ ಒತ್ತು ಒಂದೇ ಇರಲಿ ಎಂದೆ. ನಾನು ಕೊಟ್ಟದ್ದು ಎಂಟು ಪದ: ಕತೆ, ಕತ್ತೆ, ಗದೆ, ಗದ್ದೆ, ನಿದ್ದೆ, ಹತ್ತಿ, ಹರಿಯುತ್ತದೆ, ಬರುತ್ತವೆ. ಮೊದಲ ನಾಲ್ಕು ಜೋಡಿಗಳು, ಒತ್ತು ಬಿಟ್ಟರೆ ಅರ್ಥವೇ ಬದಲಾಗುತ್ತದೆ ಎಂದು ಮಗುವಿಗೆ ಕಾಣಲಿ ಎಂದು. ಕೊನೆಯ ಎರಡು ಕ್ರಿಯಾಪದಗಳು ಕಲಿತರೆ ಓದುತ್ತದೆ, ಆಡುತ್ತವೆ ಮುಂತಾದವು ತಾವಾಗಿ ಸರಿಹೋಗುವ ಸಂಭವ ಹೆಚ್ಚು. ತಪ್ಪು ರೂಪಗಳನ್ನು ಪಟ್ಟಿಯಲ್ಲಿ ಬರೆಯಬಾರದು, ಕಣ್ಣು ಅದನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಹತ್ತು ಹತ್ತು ಸಲ ನಕಲು ಮಾಡಿಸುವುದೂ ಬೇಡ. ಮೂರನೆಯ ಸಾಲಿನ ಹೊತ್ತಿಗೆ ಕೈ ನಡೆಯುತ್ತಿರುತ್ತದೆ, ಗಮನ ಎಲ್ಲೋ ಇರುತ್ತದೆ. ದಿನಕ್ಕೊಮ್ಮೆ ನೋಡಿ, ಮುಚ್ಚಿ, ಬರೆದು, ತೆರೆದು ಹೋಲಿಸಿದರೆ ಸಾಕು.

ಐದನೆಯ ದಿನ ಬೇರೆ ವಾಕ್ಯದಲ್ಲಿ ಬರೆಸಿ: ‘ಕತ್ತೆ ಗದ್ದೆಯ ಬದಿಯಲ್ಲಿ ನಿದ್ದೆ ಮಾಡುತ್ತದೆ.’ ಮಾಡುತ್ತದೆ ಪಟ್ಟಿಯಲ್ಲಿ ಇರಲಿಲ್ಲ. ಅಲ್ಲಿ ಒತ್ತು ಬಂದರೆ ಪದ ಬಾಯಿಪಾಠವಾದದ್ದಲ್ಲ, ನಿಯಮವೇ ಸಿಕ್ಕಿದೆ ಎಂದು ತಿಳಿಯಬಹುದು. ಶಾಸನದ ಶಕಾರ ಒಂದೇ ಸಲ ತಪ್ಪಿದೆ, ಒಂದು ಪುಟದಿಂದ ಏನೂ ಹೇಳಲಾಗದು. ಅದನ್ನು ಮುಂದಿನ ಉಕ್ತಲೇಖನದಲ್ಲಿ ಶಾಲೆ, ಶಂಖ, ಸಂಜೆಗಳ ಜೊತೆ ಸೇರಿಸಿ ನೋಡಬೇಕು.