ಕಳಿಸು, ಕಳಿಸಿ, ಕಳಿಸಿಕೊಡಿ: ಕಚೇರಿ ಸಂದೇಶದಲ್ಲಿ ಕ್ರಿಯಾಪದದ ಮರ್ಯಾದೆ

ಕನ್ನಡದಲ್ಲಿ ಗೌರವವೋ ಸಲಿಗೆಯೋ ಎಂಬುದು ಕ್ರಿಯಾಪದದ ತುದಿಯಲ್ಲೇ ಗೊತ್ತಾಗಿಬಿಡುತ್ತದೆ. ‘ನೀನು’, ‘ನೀವು’ ಎರಡನ್ನೂ ಬಿಟ್ಟು ಬರೆದರೂ ತಪ್ಪಿಸಿಕೊಳ್ಳಲು ಆಗುವುದಿಲ್ಲ. ‘ಬಿಲ್ ಕಳಿಸು’ ಎಂದರೆ ಏಕವಚನ, ‘ಬಿಲ್ ಕಳಿಸಿ’ ಎಂದರೆ ಬಹುವಚನ. ನಡುವೆ ಇರುವುದು ಒಂದು ಗುಣಿತದ ಅಂತರ. ಎದುರಾಎದುರು ಮಾತಾಡುವಾಗ ದನಿಯೂ ನಗುವೂ ಏಕವಚನವನ್ನು ಮೆತ್ತಗೆ ಮಾಡುತ್ತವೆ. ವಾಟ್ಸ್ಆ್ಯಪ್ ಸಂದೇಶದಲ್ಲಿ ಅವೆರಡೂ ಇರುವುದಿಲ್ಲ. ಓದುವವರ ಕಣ್ಣಿಗೆ ಬೀಳುವುದು ಆ ಕೊನೆಯ ಅಕ್ಷರ ಮಾತ್ರ.

ಒಂದು ಕಚೇರಿಯ ಲೆಕ್ಕಪತ್ರ ವಿಭಾಗವನ್ನು ನೋಡಬಹುದು. ತಿಂಗಳ ಕೊನೆ, ವಿಭಾಗದ ಮುಖ್ಯಸ್ಥೆಗೆ ಮೂವತ್ತರ ವಯಸ್ಸು. ಬಾಕಿ ಉಳಿದ ಪ್ರಯಾಣದ ಬಿಲ್ಲುಗಳು ಆಕೆಗೆ ನಾಲ್ವರಿಂದ ಬರಬೇಕು: ನಿವೃತ್ತಿಯ ಅಂಚಿನಲ್ಲಿರುವ ಮೇಲಧಿಕಾರಿ, ಜೊತೆಗೇ ಕೆಲಸಕ್ಕೆ ಸೇರಿದ ಸಹೋದ್ಯೋಗಿ, ಆರು ತಿಂಗಳ ಹಿಂದೆ ಬಂದ ಹುಡುಗ, ಐವತ್ತೈದು ದಾಟಿದ ಡ್ರೈವರ್. ಕೇಳಬೇಕಾದ ವಿಷಯ ಒಂದೇ. ಆದರೆ ನಾಲ್ವರಿಗೂ ಒಂದೇ ವಾಕ್ಯ ಹೊಂದುವುದಿಲ್ಲ.

ಮೇಲಧಿಕಾರಿಗೆ ‘ಸರ್, ಬಿಲ್ ಕಳಿಸಿ’ ಎಂದರೆ ವ್ಯಾಕರಣದಲ್ಲಿ ಗೌರವವಿದೆ, ಆದರೂ ಅದು ಆಜ್ಞೆಯೇ. ಕನ್ನಡ ಇದಕ್ಕೆ ಇಟ್ಟುಕೊಂಡಿರುವ ದಾರಿ ‘ಕೊಡು’ ಎಂಬ ಸಹಾಯಕ ಕ್ರಿಯಾಪದ. ‘ಕಳಿಸಿಕೊಡಿ’ ಎಂದಾಗ ಆ ಕೆಲಸ ಕೇಳುವವರಿಗೆ ಮಾಡುವ ಉಪಕಾರವಾಗುತ್ತದೆ. ಆಜ್ಞೆ ಕೋರಿಕೆಯ ಕಡೆಗೆ ವಾಲುತ್ತದೆ. ಇನ್ನೂ ಒಂದು ಮೆಟ್ಟಿಲು ಇಳಿಯಬೇಕೆಂದರೆ ಪ್ರಶ್ನೆ ಮಾಡಬಹುದು: ‘ಸರ್, ಬಿಲ್ ಇವತ್ತು ಕಳಿಸಿಕೊಡೋಕಾಗುತ್ತಾ?’ ಇದರಲ್ಲಿ ಆಗುವುದಿಲ್ಲ ಎಂದು ಹೇಳುವ ಅವಕಾಶ ಹಿರಿಯರ ಕೈಯಲ್ಲೇ ಉಳಿಯುತ್ತದೆ. ‘ದಯವಿಟ್ಟು’ ಸೇರಿಸಿದರೆ ಗೌರವ ಹೆಚ್ಚುತ್ತದೆ ಎಂದು ಬಹಳ ಜನ ಎಣಿಸುತ್ತಾರೆ. ಪತ್ರದಲ್ಲಿ ಅದು ಸರಿ. ಚಿಕ್ಕ ಸಂದೇಶದಲ್ಲಿ, ಅದೂ ಎರಡನೆಯ ಸಲ ಕೇಳುವಾಗ, ‘ದಯವಿಟ್ಟು ಕಳಿಸಿ’ ಎಂಬುದು ತಾಳ್ಮೆ ಮುಗಿದ ಸೂಚನೆಯಂತೆ ಓದಿಸಿಕೊಳ್ಳುತ್ತದೆ. ‘ಸ್ವಲ್ಪ’, ‘ಒಂದ್ಸಲ’ ಎಂಬ ದಿನಬಳಕೆಯ ಮಾತುಗಳು ಅಲ್ಲಿ ಹೆಚ್ಚು ಕೆಲಸ ಮಾಡುತ್ತವೆ.

ಹಾಗೆಂದು ‘ತಾವು’ ತನಕ ಏರುವುದೂ ಬೇಕಾಗಿಲ್ಲ. ‘ತಾವು’, ‘ತಮ್ಮ’ ಆಮಂತ್ರಣಕ್ಕೆ, ಸರ್ಕಾರಿ ಪತ್ರಕ್ಕೆ, ವೇದಿಕೆಗೆ ಹೊಂದುವ ರೂಪಗಳು. ದಿನಾ ಮುಖ ನೋಡುವವರಿಗೆ ಬರೆದರೆ ದೂರ ನಿಲ್ಲಿಸಿದಂತಾಗುತ್ತದೆ. ಸಹೋದ್ಯೋಗಿಗೆ ಬರೆದರೆ ಕೊಂಕು ಎನಿಸುತ್ತದೆ. ಬಳಸಲೇಬೇಕಾದರೆ ಕೊನೆಯವರೆಗೂ ಅದನ್ನೇ ಹಿಡಿಯಬೇಕು. ‘ತಾವು ಕೇಳಿದ ವಿವರವನ್ನು ನಿಮ್ಮ ವಿಳಾಸಕ್ಕೆ ಕಳಿಸಲಾಗಿದೆ’ ಎಂಬಂಥ ವಾಕ್ಯದಲ್ಲಿ ಗೌರವ ಅರ್ಧ ದಾರಿಯಲ್ಲಿ ಕಳಚಿಬೀಳುತ್ತದೆ.

ಸಹೋದ್ಯೋಗಿಯ ಜೊತೆ ಲೆಕ್ಕ ಬೇರೆ. ಬಹುತೇಕ ಕಚೇರಿಗಳಲ್ಲಿ ಸಮಾನರು ‘ನೀವು’ ಎಂದೇ ಶುರುಮಾಡುತ್ತಾರೆ. ಊಟದ ಡಬ್ಬಿ ಹಂಚಿಕೊಳ್ಳುವ ಹೊತ್ತಿಗೆ ಅದು ತಾನಾಗಿ ‘ನೀನು’ ಆಗುತ್ತದೆ. ಆಗಿದೆಯೋ ಇಲ್ಲವೋ ತಿಳಿಯಲು ಉತ್ತರ ನೋಡಿದರೆ ಸಾಕು. ‘ಕಳಿಸ್ತೀಯಾ?’ ಎಂದು ಕೇಳಿದ್ದಕ್ಕೆ ‘ನೀವು ಫಾರಂ ಕೊಟ್ಟರೆ ಕಳಿಸ್ತೀನಿ’ ಎಂಬ ಉತ್ತರ ಬಂದರೆ ಎದುರಿನವರು ಇನ್ನೂ ಏಕವಚನಕ್ಕೆ ಒಪ್ಪಿಲ್ಲ ಎಂದರ್ಥ. ಮುಂದಿನ ಸಂದೇಶದಲ್ಲಿ ಸದ್ದಿಲ್ಲದೆ ‘ಕಳಿಸ್ತೀರಾ’ಗೆ ಹಿಂತಿರುಗುವುದು ಒಳ್ಳೆಯದು. ಒಮ್ಮೆ ಏಕವಚನಕ್ಕೆ ಬಂದ ಮೇಲೆ ಇದ್ದಕ್ಕಿದ್ದಂತೆ ‘ನೀವು’ ಎಂದರೆ ಅದು ಗೌರವವಲ್ಲ, ಮುನಿಸು. ಎಂಟು ಜನರಿರುವ ಗುಂಪಿನಲ್ಲಿ ಮಾತ್ರ ಆ ನಿಯಮ ಸಡಿಲ: ಗೆಳತಿಯರಿಬ್ಬರು ಖಾಸಗಿಯಾಗಿ ‘ಬಾರೇ’ ಎಂದುಕೊಂಡರೂ ಎಲ್ಲರ ಮುಂದೆ ‘ಬನ್ನಿ’ ಎನ್ನುವುದನ್ನು ಯಾರೂ ತಪ್ಪು ತಿಳಿಯುವುದಿಲ್ಲ.

ಕಿರಿಯರ ವಿಷಯದಲ್ಲೇ ಹೆಚ್ಚು ಎಡವಟ್ಟು. ಹೊಸ ಹುಡುಗನಿಗೆ ‘ಕಳಿಸು’ ಎನ್ನುವುದು ರೂಢಿ, ಕೆಲವರಿಗೆ ಅದೇ ಆತ್ಮೀಯ. ‘ಕಳಿಸಪ್ಪ’, ‘ಕಳಿಸಮ್ಮ’ ಎಂದರೆ ಬಾಯಿಮಾತಿನಲ್ಲಿ ಅಕ್ಕರೆ. ಬರಹದಲ್ಲಿ, ‘ಎಷ್ಟು ಸಲ ಹೇಳೋದು, ಕಳಿಸಪ್ಪ’ ಎಂಬಲ್ಲಿ, ಅದೇ ಬೇಸರ. ಹುಡುಗ ತಾನಾಗಿ ‘ನನಗೆ ನೀವು ಅನ್ನಬೇಡಿ ಮೇಡಂ’ ಎನ್ನುವವರೆಗೆ ಬಹುವಚನವೇ ಕ್ಷೇಮ, ಏಕೆಂದರೆ ಏಕವಚನವನ್ನು ಒಲ್ಲೆ ಎನ್ನುವ ಸ್ಥಿತಿಯಲ್ಲಿ ಕಿರಿಯರು ಇರುವುದಿಲ್ಲ. ಡ್ರೈವರ್ ವಿಷಯದಲ್ಲಿ ಹುದ್ದೆ ಒಂದು ಕಡೆ, ವಯಸ್ಸು ಇನ್ನೊಂದು ಕಡೆ ಎಳೆಯುತ್ತವೆ. ಇಲ್ಲಿ ವಯಸ್ಸೇ ಗೆಲ್ಲಬೇಕು: ‘ಅಣ್ಣ, ಡೀಸೆಲ್ ಬಿಲ್ ಇದ್ದರೆ ಒಂದ್ಸಲ ಕೊಟ್ಟುಬಿಡಿ.’ ‘ಅಣ್ಣ’ ಎಂದು ಕರೆದು ‘ಕೊಡು’ ಎಂದು ಮುಗಿಸಿದರೆ ಕರೆದ ಮರ್ಯಾದೆ ಉಳಿಯುವುದಿಲ್ಲ.

ಯಾವ ವಚನ ಎಂದು ತೀರ್ಮಾನವಾಗದಿದ್ದಾಗ ಕನ್ನಡದಲ್ಲೇ ಒಂದು ಅನುಕೂಲವಿದೆ. ‘ಬೇಕು’, ‘ಬಹುದು’, ‘ಇಲ್ಲ’ ಇವು ನೀನು-ನೀವು ಭೇದ ತೋರಿಸುವುದಿಲ್ಲ. ‘ಬಿಲ್ ಐದು ಗಂಟೆಯೊಳಗೆ ಬರಬೇಕಿತ್ತು’, ‘ನಾಳೆ ಕೊಟ್ಟರೂ ಆಗಬಹುದು’, ‘ಕಳಿಸಿದ್ದಾಯ್ತಾ?’ ಇವು ನಾಲ್ವರಿಗೂ ನಡೆಯುತ್ತವೆ. ಇದಕ್ಕೂ ಒಂದು ಮಿತಿಯಿದೆ. ‘ಇನ್ನೂ ಕಳಿಸಿಲ್ಲ’ ಎಂದು ಹಿರಿಯರಿಗೆ ಬರೆದರೆ ಏಕವಚನವೂ ಕಾಣುವುದಿಲ್ಲ, ಗೌರವವೂ ಕಾಣುವುದಿಲ್ಲ; ಬೋಳು ಆರೋಪವಾಗಿ ನಿಲ್ಲುತ್ತದೆ. ‘ಬಿಲ್ ಇನ್ನೂ ಬಂದಿಲ್ಲ ಸರ್’ ಎಂದು ಬಿಲ್ಲನ್ನೇ ಕರ್ತೃವಾಗಿಸಿದರೆ ಆರೋಪ ಕರಗುತ್ತದೆ.

ಎದುರಿನವರಷ್ಟೇ ಅಲ್ಲ, ಮಾತಿನಲ್ಲಿ ಬರುವ ಮೂರನೆಯವರ ಕ್ರಿಯಾಪದವೂ ಲೆಕ್ಕಕ್ಕೆ ಬರುತ್ತದೆ. ಗ್ರಾಹಕರಿಗೆ ‘ನಮ್ಮ ಹುಡುಗ ಬರ್ತಾನೆ’ ಎನ್ನುವುದಕ್ಕೂ ‘ನಮ್ಮವರು ಬರ್ತಾರೆ’ ಎನ್ನುವುದಕ್ಕೂ ಇರುವ ಅಂತರವನ್ನು ಆ ಹುಡುಗ ಗುಂಪಿನಲ್ಲಿ ಓದುತ್ತಲೇ ಇರುತ್ತಾನೆ. ‘ಅವಳು ಹೇಳಿದಳು’ ಎಂಬಲ್ಲಿ ಲಿಂಗವೂ ಏಕವಚನವೂ ಒಟ್ಟಿಗೆ ಬರುತ್ತವೆ. ‘ಅವರು ಹೇಳಿದರು’ ಎಂದರೆ ಎರಡೂ ಬದಿಗೆ ಸರಿಯುತ್ತವೆ. ಆಡುಮಾತಿನ ರೂಪದಲ್ಲಿ ಇನ್ನೊಂದು ತೊಡಕಿದೆ. ‘ನೋಡಿದಿರಾ’, ‘ನೋಡಿದರಾ’ ಎರಡೂ ‘ನೋಡಿದ್ರಾ’ ಆಗುವುದರಿಂದ ‘ಸರ್ ನೋಡಿದ್ರಾ?’ ಎಂಬ ಸಂದೇಶ ಸರ್ ಅವರನ್ನೇ ಕೇಳಿದ್ದೋ, ಸರ್ ಬಗ್ಗೆ ಬೇರೆಯವರನ್ನು ಕೇಳಿದ್ದೋ ತಿಳಿಯುವುದಿಲ್ಲ. ‘ಸರ್, ನೀವು ನೋಡಿದ್ರಾ?’ ಎಂದು ಸರ್ವನಾಮ ಸೇರಿಸುವುದೊಂದೇ ಪರಿಹಾರ.

ಉತ್ತರ ಕರ್ನಾಟಕದಲ್ಲಿ ಗೌರವಕ್ಕೆ ಪ್ರತ್ಯೇಕ ಜಾಗವೇ ಇದೆ. ಅಲ್ಲಿ ‘ರಿ’ ಯಾವ ಕ್ರಿಯಾಪದಕ್ಕಾದರೂ ಅಂಟುತ್ತದೆ: ‘ಕಳಸ್ತೀನ್ರಿ’, ‘ಬಿಲ್ ಬಂದೈತ್ರಿ’. ಕಳಿಸುವುದು ನಾನು, ಬಂದಿರುವುದು ಬಿಲ್ಲು, ಮರ್ಯಾದೆ ಮಾತ್ರ ಕೇಳುವವರಿಗೆ. ಮೈಸೂರು, ಬೆಂಗಳೂರು ಕಡೆ ಆ ಕೆಲಸವನ್ನು ‘ಸರ್’, ‘ಮೇಡಂ’ ಮಾಡುತ್ತವೆ. ಅಲ್ಲಿ ‘ಏನ್ರೀ ಇದು?’ ಎಂದು ಬರೆದರೆ ಗದರಿದಂತೆ ಕೇಳುತ್ತದೆ. ಧಾರವಾಡದವರ ‘ಕಳಸ್ರಿ’ಯನ್ನು ಒರಟು ಎಂದು ಬೆಂಗಳೂರಿನವರು ತಿಳಿಯುವುದೂ, ಬೆಂಗಳೂರಿನವರ ‘ಹೂಂ, ಕಳಿಸ್ತೀನಿ’ ಎಂಬ ‘ರಿ’ ಇಲ್ಲದ ಉತ್ತರ ಧಾರವಾಡದ ಹಿರಿಯರಿಗೆ ಬಿರುಸು ಎನಿಸುವುದೂ ಇದೇ ಕಾರಣಕ್ಕೆ. ಎರಡೂ ಕಡೆಯವರಿರುವ ಗುಂಪಿನಲ್ಲಿ ‘ಕಳಿಸ್ತೀನಿ ಸರ್’ ಎಂದರೆ ಇಬ್ಬರಿಗೂ ಹಿಡಿಸುತ್ತದೆ.