ನೀಲಿ ಅಂದರೆ ದುಃಖವೇ?

ಮಕ್ಕಳೇ, ಗೆಳೆಯನ ಸಾವಿನಿಂದ ನೊಂದ ಚಿತ್ರಕಾರ ಪಿಕಾಸೊ 1901ರಿಂದ 1904ರವರೆಗೆ ಹೆಚ್ಚಾಗಿ ನೀಲಿಯಲ್ಲೇ ಚಿತ್ರ ಬರೆದರು. ಅವನ್ನು ನೋಡಿದರೆ ನನಗೆ ಮನಸ್ಸು ಭಾರವಾಗುತ್ತದೆ. ಹಾಗಾದರೆ ನೀಲಿ ಅಂದರೆ ದುಃಖವೇ?

ನಿಮ್ಮ ತಟ್ಟೆಯ ನೀಲಿಗೆ ಒಂದಿಷ್ಟು ಬಿಳಿ ಬೆರೆಸಿ. ಮಳೆ ನಿಂತ ಮೇಲಿನ ಆಕಾಶದಂತೆ ಹಗುರವೆನಿಸುತ್ತದೆ. ಅದೇ ನೀಲಿಗೆ ಒಂದು ಹನಿ ಕಪ್ಪು ಸೇರಿಸಿ, ಮಂಕು ಕವಿಯುತ್ತದೆ. ಬಣ್ಣ ಯಾವುದು ಎಂಬುದಷ್ಟೇ ಅಲ್ಲ, ಎಷ್ಟು ತಿಳಿ, ಎಷ್ಟು ಗಾಢ ಎಂಬುದೂ ಮನಸ್ಸನ್ನು ಮುಟ್ಟುತ್ತದೆ.

ನಮ್ಮ ನೆನಪುಗಳೂ ಅದರಲ್ಲಿ ಬೆರೆಯುತ್ತವೆ. ಹಿಂದೊಮ್ಮೆ ಹುಡುಗಿಯೊಬ್ಬಳು ಹಾಳೆ ತುಂಬ ಕಪ್ಪು ಬಳಿದಿದ್ದಳು. ಏನೋ ಬೇಸರವಿರಬೇಕೆಂದು ಗಾಬರಿಯಿಂದ ಕೇಳಿದೆ.

“ಕರೆಂಟ್ ಹೋಗಿದೆ ಮಿಸ್, ಅಜ್ಜಿ ಕಥೆ ಹೇಳ್ತಿದ್ದಾರೆ!” ಎಂದು ನಕ್ಕಳು.

ಅಂದಿನಿಂದ ನಾನು ಬಣ್ಣ ನೋಡಿ ಮನಸ್ಸನ್ನು ಊಹಿಸುವುದಿಲ್ಲ, ಕೇಳುತ್ತೇನೆ.