ಅಳತೆ ಎಲ್ಲಿಂದ ಆರಂಭವಾಗಬೇಕು?

ಯಂತ್ರಭಾಗದ ಡ್ರಾಯಿಂಗಿನಲ್ಲಿ ರಂಧ್ರವೊಂದರ ಪಕ್ಕದಲ್ಲಿ ಕಾಣುವ, ಮನೆಗಳಾಗಿ ಭಾಗಿಸಿದ ಉದ್ದನೆಯ ಚೌಕಟ್ಟನ್ನು ಫೀಚರ್ ಕಂಟ್ರೋಲ್ ಫ್ರೇಮ್ ಎನ್ನುತ್ತಾರೆ. ಅದರ ಮೊದಲ ಮನೆ ಯಾವ ಗುಣವನ್ನು ಪರೀಕ್ಷಿಸಬೇಕೆಂಬುದನ್ನೂ, ಎರಡನೆಯದು ಎಷ್ಟು ವ್ಯತ್ಯಾಸ ಸಲ್ಲುತ್ತದೆಂಬುದನ್ನೂ, ಮುಂದಿನ ಅಕ್ಷರಗಳು ಅಳತೆಯ ಆಧಾರಗಳಾದ ಡೇಟಮ್‌ಗಳನ್ನೂ ಸೂಚಿಸುತ್ತವೆ. ಡೇಟಮ್ ಎಂದರೆ ಏರುಪೇರುಗಳಿರುವ ಲೋಹದ ಮೈಯಲ್ಲ, ಆ ಮೈಯ ಎತ್ತರದ ಬಿಂದುಗಳನ್ನು ತಾಗಿ ನಿಲ್ಲುವ ಆದರ್ಶ ಸಮತಲ. ತಪಾಸಣೆಯಲ್ಲಿ ಸರ್ಫೇಸ್ ಪ್ಲೇಟ್ ಅಥವಾ ಆ್ಯಂಗಲ್ ಪ್ಲೇಟ್ ಅದರ ಪಾತ್ರವನ್ನು ವಹಿಸುತ್ತದೆ.

20 ಮಿ.ಮೀ. ದಪ್ಪದ ಉಕ್ಕಿನ ಫಲಕವೊಂದರ ರಂಧ್ರಕ್ಕೆ `⌖ | ⌀0.2 | A | B | C` ಎಂಬ ಚೌಕಟ್ಟಿದೆ ಎಂದುಕೊಳ್ಳೋಣ. ಇಲ್ಲಿ ಎ ತಳ, ಬಿ ಉದ್ದದ ಬದಿ, ಸಿ ಗಿಡ್ಡ ಬದಿ. ರಂಧ್ರದ ನಡುಗೆರೆ ಬಿಯಿಂದ 40, ಸಿಯಿಂದ 25 ಮಿ.ಮೀ. ದೂರದಲ್ಲಿರಬೇಕು, ಮತ್ತು ಆ ಸ್ಥಾನದ ಸುತ್ತ ಕಲ್ಪಿಸಿದ 0.2 ಮಿ.ಮೀ. ವ್ಯಾಸದ ಸಿಲಿಂಡರಿನೊಳಗೆ ಅದು ಪೂರ್ತಿಯಾಗಿ ಅಡಗಬೇಕು. ಅಕ್ಷರಗಳ ಕ್ರಮವೇ ಫಲಕವನ್ನು ಕೂರಿಸುವ ಕ್ರಮ: ಮೊದಲು ತಳವು ಕನಿಷ್ಠ ಮೂರು ಬಿಂದುಗಳಲ್ಲಿ ಸರ್ಫೇಸ್ ಪ್ಲೇಟಿಗೆ ಕೂರುತ್ತದೆ, ಬಳಿಕ ಉದ್ದದ ಬದಿ ಎರಡು ಬಿಂದುಗಳಲ್ಲಿ ಆ್ಯಂಗಲ್ ಪ್ಲೇಟಿಗೆ ಒರಗುತ್ತದೆ, ಕೊನೆಗೆ ಗಿಡ್ಡ ಬದಿ ಒಂದು ಬಿಂದುವಿನಲ್ಲಿ ತಡೆಗೆ ತಾಗುತ್ತದೆ.

ಈ ಕ್ರಮ ತಪ್ಪಿದರೆ ಒಳ್ಳೆಯ ಭಾಗವೂ ಕೆಟ್ಟದ್ದಾಗಿ ತೋರಬಹುದು. ಬಿ ಬದಿ ತಳಕ್ಕೆ ನೇರ ಲಂಬವಾಗಿರದೆ ಫಲಕದ ದಪ್ಪದಲ್ಲಿ 0.1 ಮಿ.ಮೀ. ವಾಲಿದ್ದು, ತಳಕ್ಕೆ ಲಂಬವಾಗಿ ಕೊರೆದ ರಂಧ್ರ ತನ್ನ ಸ್ಥಾನದಲ್ಲಿಯೇ ಇದೆ ಎಂದಿಟ್ಟುಕೊಂಡರೆ, ಎ ಮೊದಲಾಗಿ ಕೂರಿಸಿದಾಗ ಬಿಯಿಂದ ರಂಧ್ರದ ಎರಡೂ ತುದಿಗಳಿಗೆ 40.00 ಸಿಗುತ್ತದೆ. ಅದೇ ಫಲಕವನ್ನು ಬಿ ಬದಿಯ ಮೇಲೆಯೇ ಪೂರ್ತಿಯಾಗಿ ನಿಲ್ಲಿಸಿ ಅಳೆದರೆ ಒಂದು ತುದಿಗೆ 40.00, ಇನ್ನೊಂದಕ್ಕೆ 39.90 ಬರುತ್ತದೆ, ನಡುಗೆರೆ 0.1 ಸರಿದರೆ ವ್ಯಾಸದ ಲೆಕ್ಕದಲ್ಲಿ ಅದು 0.2 ಆಗುವುದರಿಂದ, ರಂಧ್ರದಲ್ಲಿ ದೋಷವಿಲ್ಲದಿದ್ದರೂ ಸಲ್ಲುವ ವ್ಯತ್ಯಾಸವೆಲ್ಲ ಕೂರಿಸಿದ ರೀತಿಯಲ್ಲಿಯೇ ಮುಗಿದುಹೋಗುತ್ತದೆ.

ಹಾಗಾಗಿ ಅಳತೆ ರಂಧ್ರದಿಂದ ಆರಂಭವಾಗದೆ, ಡೇಟಮ್ ಅಕ್ಷರವೇ ಇಲ್ಲದ ಚೌಕಟ್ಟಿನಿಂದ, ಅಂದರೆ ಸಾಮಾನ್ಯವಾಗಿ ಎ ಮೈಗೆ ಕೊಟ್ಟಿರುವ ಸಮತಟ್ಟುತನದ ಚೌಕಟ್ಟಿನಿಂದ ಆರಂಭವಾಗುತ್ತದೆ. ಫಲಕವನ್ನು ಸರ್ಫೇಸ್ ಪ್ಲೇಟಿನ ಮೇಲೆ ನೇರವಾಗಿ ಮಲಗಿಸಿ ಡಯಲ್ ಗೇಜ್ ಓಡಿಸಿದರೆ ಸಿಗುವುದು ಎದುರು ಮೈಗೆ ಹೋಲಿಸಿದ ಸಮಾಂತರತೆಯೇ ಹೊರತು ಸಮತಟ್ಟುತನವಲ್ಲ. ಅದಕ್ಕಾಗಿ ಎ ಮೈಯನ್ನು ಮೇಲಕ್ಕೆ ಮಾಡಿ ಫಲಕವನ್ನು ಮೂರು ಜ್ಯಾಕ್‌ಗಳ ಮೇಲಿಟ್ಟು, ಆ ಮೈಯನ್ನು ಮಟ್ಟಕ್ಕೆ ತಂದು ಗೇಜ್ ಓಡಿಸಬೇಕು. ಎ ಒಪ್ಪಿತವಾದ ಮೇಲೆ ಅದಕ್ಕೆ ಬಿ ಎಷ್ಟು ಲಂಬವಾಗಿದೆ, ಅವೆರಡಕ್ಕೂ ಸಿ ಎಷ್ಟು ಲಂಬವಾಗಿದೆ ಎಂಬುದನ್ನು ನೋಡಿ, ಕೊನೆಯಲ್ಲಿ ರಂಧ್ರಕ್ಕೆ ಬರಬೇಕು.

ರಂಧ್ರದ ಒಂದು ತುದಿಯಲ್ಲಿ 40.06 ಮತ್ತು 24.92 ದೊರೆತರೆ ವ್ಯತ್ಯಾಸಗಳು 0.06 ಮತ್ತು 0.08, ಅವುಗಳ ವರ್ಗಗಳ ಮೊತ್ತದ ವರ್ಗಮೂಲ 0.10, ಅದರ ಇಮ್ಮಡಿ 0.20. ಇನ್ನೊಂದು ತುದಿಯ ಬೆಲೆ ಇದನ್ನು ಮೀರದಿದ್ದರೆ ರಂಧ್ರ ಮಿತಿಯ ಅಂಚಿನಲ್ಲಿ ಒಪ್ಪಿತವಾಗುತ್ತದೆ. ಇಂಥ ಅಂಚಿನ ಭಾಗಕ್ಕೆ ತಯಾರಕರ ಮತ್ತು ಗ್ರಾಹಕರ ವರದಿಗಳು ಬೇರೆಬೇರೆ ಉತ್ತರ ಕೊಟ್ಟಾಗ, ಉಪಕರಣಗಳನ್ನು ಅನುಮಾನಿಸುವ ಮುನ್ನ ಎರಡೂ ಕಡೆ ಫಲಕವನ್ನು ಯಾವ ಮೈ ಮೊದಲಾಗಿ ಕೂರಿಸಲಾಗಿತ್ತು ಎಂಬುದನ್ನು ಹೋಲಿಸಿ ನೋಡಬೇಕಾಗುತ್ತದೆ.